ಸಂಖ್ಯೆಗಿಂತ ಮೊದಲು ಹಳೆಯ ದೂರು ನೋಡಿ

"ಕಾರವಾರದ ಕರೆಂಟ್ ದೂರು ಕೇಂದ್ರ. ಬೆಳಿಗ್ಗೆ ಬಂದಾಗ 40 ಬಾಕಿ, ತೀರಾ ಹಳೆಯದು 9 ಗಂಟೆ ಹಿಂದಿನದು. ಯಾವುದನ್ನ ಮೊದಲು ನೋಡಲಿ?"

ತಂತಿ ಬಿದ್ದ ದೂರು ಇದ್ದರೆ ಅದೇ ಮೊದಲು. ಆಮೇಲೆ ಆ ಹಳೆಯದನ್ನೇ ತೆರೆಯಿರಿ. ರಾತ್ರಿ ಗಂಟೆಗೆ 10 ಮುಗಿದಿದ್ದರೆ 40 ಅಂದ್ರೆ 4 ಗಂಟೆ ಕೆಲಸ. ಸಾಲು ಅದಕ್ಕಿಂತ ಉದ್ದ ಆಗಿರದಿದ್ದರೆ, ದೂರುಗಳನ್ನ ಬಂದ ಕ್ರಮದಲ್ಲೇ ತೆಗೆದುಕೊಂಡಿದ್ದರೆ, ಯಾವುದೂ 9 ಗಂಟೆ ಕಾಯಬಾರದು ಅಲ್ವಾ? ಅದು ಎಲ್ಲೋ ಸಿಕ್ಕಿಬಿದ್ದಿದೆ. ರಾತ್ರಿ ಪಾಳಿಯ ಲೈನ್‌ಮನ್ ಹೆಸರಲ್ಲೇ ಉಳಿದಿರಬಹುದು, ಅವರು ಮನೆಗೆ ಹೊರಡುವ ಮೊದಲೇ ಕೇಳಿಬಿಡಿ.

40 ನೋಡಿ ಗಾಬರಿಯಾಗಿ ಸುಮ್ನೆ ಜಾಸ್ತಿ ಜನ ಕರೆಸಬೇಡಿ. ಮಳೆಗಾಲದಲ್ಲಿ ಸದಾಶಿವಗಡದ ಒಂದೇ ಟ್ರಾನ್ಸ್‌ಫಾರ್ಮರ್‌ಗೆ 30 ಮನೆಯವರು ಫೋನ್ ಮಾಡಿರಬಹುದು, ಅದು ಒಂದೇ ಕೆಲಸ. ಒಮ್ಮೆ ಮುಚ್ಚಿ ಮತ್ತೆ ತೆರೆದ ದೂರುಗಳಲ್ಲಿ ಮಾತ್ರ ಎಚ್ಚರ. ಕೆಲವು ಸಾಫ್ಟ್‌ವೇರ್ ಅವಕ್ಕೆ ಹೊಸ ಸಮಯ ಹಾಕುತ್ತವೆ, ನೀವು ಮೊದಲ ಕರೆ ಬಂದ ಹೊತ್ತನ್ನೇ ಹಿಡಿಯಿರಿ.