ಎನ್‌ಪಿವಿ ಒಂದು ಯಂತ್ರವನ್ನು, ಐಆರ್‌ಆರ್ ಇನ್ನೊಂದನ್ನು ತೋರಿಸಿದರೆ ಯಾವುದನ್ನು ಕೊಳ್ಳಬೇಕು?

ಎರಡರಲ್ಲಿ ಒಂದನ್ನೇ ಕೊಳ್ಳುವುದಾದರೆ ಎನ್‌ಪಿವಿ, ಅಂದರೆ ನಿವ್ವಳ ಪ್ರಸ್ತುತ ಮೌಲ್ಯ, ಹೇಳಿದಂತೆ ನಡೆಯಿರಿ.

ಎಣ್ಣೆ ಗಿರಣಿಗೆ ಕೊಳ್ಳಲು ತಲಾ 10 ಲಕ್ಷ ರೂಪಾಯಿಯ ಎರಡು ಯಂತ್ರಗಳಿವೆ ಎಂದುಕೊಳ್ಳಿ. ಮೊದಲನೆಯದು ಮೂರು ವರ್ಷಗಳಲ್ಲಿ ಕ್ರಮವಾಗಿ 6, 5, 2 ಲಕ್ಷ ತರುತ್ತದೆ. ಎರಡನೆಯದು 2, 4, 8.5 ಲಕ್ಷ. ಬಂಡವಾಳದ ವೆಚ್ಚ ಶೇ 12.

ಹಾಕಿದ ಹಣ ಮರಳುವ ಅವಧಿ ಮೊದಲನೆಯದಕ್ಕೆ 1.8 ವರ್ಷ, ಎರಡನೆಯದಕ್ಕೆ ಸುಮಾರು ಎರಡೂವರೆ ವರ್ಷ. ಆಂತರಿಕ ಆದಾಯ ದರವಾದ ಐಆರ್‌ಆರ್‌ನಲ್ಲೂ ಮೊದಲನೆಯದೇ ಮುಂದು: ಶೇ 17.2, ಎರಡನೆಯದು ಶೇ 16.7. ಆದರೆ ಎನ್‌ಪಿವಿ ಮೊದಲನೆಯದಕ್ಕೆ ಸುಮಾರು 77 ಸಾವಿರ, ಎರಡನೆಯದಕ್ಕೆ 1.02 ಲಕ್ಷ.

ಈ ಜಗಳ ಬಿಡಿಸಲು ಎರಡರ ವ್ಯತ್ಯಾಸವನ್ನೇ ಒಂದು ಹೂಡಿಕೆಯಂತೆ ನೋಡಿ. ಎರಡನೆಯದನ್ನು ಆರಿಸಿದರೆ ಮೊದಲ ವರ್ಷ 4 ಲಕ್ಷ, ಮರುವರ್ಷ 1 ಲಕ್ಷ ಬಿಟ್ಟುಕೊಡುತ್ತೀರಿ. ಮೂರನೆಯ ವರ್ಷ 6.5 ಲಕ್ಷ ಹೆಚ್ಚು ಪಡೆಯುತ್ತೀರಿ. ಹಾಗೆ ಬಿಟ್ಟುಕೊಟ್ಟ ಹಣದ ಮೇಲಿನ ಗಳಿಕೆ ಸುಮಾರು ಶೇ 15.6. ನಿಮ್ಮ ಹಣದ ವೆಚ್ಚ ಶೇ 12 ಇರುವಾಗ ಇದು ಲಾಭವೇ. ಸಾಲ ಶೇ 16ಕ್ಕೆ ಸಿಕ್ಕಿದ್ದರೆ ಎನ್‌ಪಿವಿಯೂ ಮೊದಲನೆಯದರ ಕಡೆಗೇ ವಾಲುತ್ತದೆ.

ಹಾಕಿದ ಹಣ ಮರಳುವ ಅವಧಿಯನ್ನು ನಾನು ಕೈಬಿಡುವುದಿಲ್ಲ. ಮೂರನೆಯ ವರ್ಷದ 8.5 ಲಕ್ಷ ಬರುವುದು ಅನುಮಾನವಿದ್ದರೆ ಅದು ಸರಿಯಾದ ಎಚ್ಚರಿಕೆ ಕೊಡುತ್ತದೆ. ಆದರೆ ಹಣ ಮರಳಿದ ನಂತರದ ಗಳಿಕೆ ಅದರ ಲೆಕ್ಕಕ್ಕೇ ಬರುವುದಿಲ್ಲ.

ಎಕ್ಸೆಲ್‌ನಲ್ಲಿ ಮಾಡುವಾಗ ಮೂರು ವರ್ಷಗಳ ಆದಾಯವನ್ನು B2ರಿಂದ B4ರವರೆಗೆ ಪೂರ್ಣ ರೂಪಾಯಿಗಳಲ್ಲಿ ಬರೆದು, ಇಂದಿನ 10 ಲಕ್ಷವನ್ನು NPV ಸೂತ್ರದ ಆವರಣದ ಹೊರಗಿಡಿ. ಒಳಗಿಟ್ಟರೆ ಅದನ್ನೂ ಒಂದು ವರ್ಷ ಮುಂದಿನ ವೆಚ್ಚವೆಂದು ಎಣಿಸುತ್ತದೆ:

```
=NPV(12%,B2:B4)-1000000
```