‘ಅಡ್ಡಿಲ್ಲ’ ಯಾವ ಮನೆಗೆ ಸೇರಿತು?

“ಶಿರಸಿ, ಕಾರವಾರಗಳ ಪ್ರಯಾಣಿಕರ ಸಮೀಕ್ಷೆಯೊಂದರಲ್ಲಿ ‘ಬಹುಪಾಲು ಜನ ಬಸ್ ಸೇವೆಯಿಂದ ತೃಪ್ತರು’ ಎಂದಿದೆ. ಆಯ್ಕೆಗಳು: ಅತ್ಯುತ್ತಮ, ಉತ್ತಮ, ಚೆನ್ನಾಗಿದೆ, ಪರವಾಗಿಲ್ಲ, ಕಳಪೆ. ನಂಬಬಹುದೇ?”

‘ತೃಪ್ತರು’ ಎಂಬ ಪದವನ್ನು ಸದ್ಯಕ್ಕೆ ನಂಬಬೇಡಿ. ಐದು ಆಯ್ಕೆಗಳಲ್ಲಿ ಹೊಗಳುವುದಕ್ಕೆ ಮೂರಿವೆ, ದೂರುವುದಕ್ಕೆ ಒಂದೇ. ಅಲ್ಪಸ್ವಲ್ಪ ಬೇಸರವಿದ್ದವರಿಗೆ ‘ಕಳಪೆ’ ಅತಿಯೆನಿಸುತ್ತದೆ, ‘ಪರವಾಗಿಲ್ಲ’ಕ್ಕೆ ಸರಿಯುತ್ತಾರೆ; ಸಮೀಕ್ಷೆ ಅವರನ್ನೂ ತೃಪ್ತರೆಂದೇ ಎಣಿಸಿರಬಹುದು. ನಮ್ಮ ಕಡೆಯಂತೂ ಬಸ್ ಒಂದು ಗಂಟೆ ತಡವಾದರೂ ‘ಅಡ್ಡಿಲ್ಲ’ ಎನ್ನುತ್ತೇವೆ! ಅದನ್ನು ಕೇಳಿದ ಸಮೀಕ್ಷಕರು ಯಾವ ಮನೆಗೆ ಗುರುತು ಹಾಕಿದರು?

ಮೊದಲು ಕೋಷ್ಟಕ ನೋಡಿ. ಐದೂ ಆಯ್ಕೆಗಳ ಶೇಕಡಾವಾರು ಬೇರೆಬೇರೆಯಾಗಿ ಇದ್ದರೆ, ‘ಪರವಾಗಿಲ್ಲ’ವನ್ನು ಬಿಟ್ಟು ಮೇಲಿನ ಮೂರನ್ನು ನೀವೇ ಕೂಡಿಸಿ. ಆಗಲೂ ಅರ್ಧ ದಾಟಿದರೆ ತೀರ್ಮಾನಕ್ಕೆ ಒಂದಿಷ್ಟು ಬಲವಿದೆ. ದಾಟದಿದ್ದರೆ ಆ ತೃಪ್ತಿ ಹುಟ್ಟಿದ್ದು ಬಸ್ಸಿನಲ್ಲಲ್ಲ, ಲೆಕ್ಕ ಕೂಡಿಸುವ ಮೇಜಿನ ಮೇಲೆ. ಸರಾಸರಿ ಅಂಕ ಮಾತ್ರ ಕೊಟ್ಟಿದ್ದರೆ ಈ ಪರೀಕ್ಷೆಗೆ ದಾರಿಯಿಲ್ಲ. ಲೇಖಕರಿಗೆ ಬರೆದು ಕೋಷ್ಟಕ ಕೇಳಿ.

ಸಮೀಕ್ಷೆ ಶಿರಸಿಯವರನ್ನೂ ಕಾರವಾರದವರನ್ನೂ ಹೋಲಿಸಿದ್ದರೆ ಆ ಭಾಗಕ್ಕೆ ಪೆಟ್ಟು ಕಡಿಮೆ, ಏಕೆಂದರೆ ಎರಡೂ ಕಡೆ ಅದೇ ಓರೆ ಮಾಪಕ. ಆದರೆ ಒಂದೂರಿನಲ್ಲಿ ಜನರೇ ಫಾರ್ಮ್ ತುಂಬಿ, ಇನ್ನೊಂದರಲ್ಲಿ ಸಮೀಕ್ಷಕರು ಕೇಳಿ ಬರೆದುಕೊಂಡಿದ್ದರೆ ಆ ಹೋಲಿಕೆಯೂ ನಿಲ್ಲುವುದಿಲ್ಲ. ಎದುರು ಕುಳಿತವರಿಗೆ ‘ಕಳಪೆ’ ಎಂದು ಹೇಳಲು ಹಲವರಿಗೆ ನಾಲಿಗೆ ಬರುವುದಿಲ್ಲ.