ಎಫ್‌ಡಿಎ ಹುದ್ದೆಯೋ, ಖಾಸಗಿ ಕೆಲಸವೋ?

"ಎಫ್‌ಡಿಎ ಹುದ್ದೆಗೆ ಆಯ್ಕೆಯಾಗಿದ್ದೇನೆ. ಈಗ ಬೆಂಗಳೂರಿನ ಕಂಪನಿಯೊಂದರಲ್ಲಿ ವರ್ಷಕ್ಕೆ 9 ಲಕ್ಷ ಸಿಟಿಸಿ ಇದೆ. ಪಿಂಚಣಿಯ ಭದ್ರತೆಗಾಗಿ ಇದನ್ನು ಬಿಡಬಹುದೇ?"

ಪಿಂಚಣಿಯೊಂದನ್ನೇ ನೆಚ್ಚಿಕೊಂಡು ಬಿಡಬೇಡಿ. 2006ರ ಏಪ್ರಿಲ್ 1ರಿಂದ ಈಚೆಗೆ ರಾಜ್ಯ ಸರ್ಕಾರಿ ಸೇವೆಗೆ ಸೇರಿದವರಿಗೆ ಅನ್ವಯವಾಗಿರುವುದು ಎನ್‌ಪಿಎಸ್. ಮನೆಯ ಹಿರಿಯರು ಹೇಳುವ, ಕೊನೆಯ ಸಂಬಳದ ಅರ್ಧದಷ್ಟು ಬರುವ ಪಿಂಚಣಿ ಅದಲ್ಲ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 50,000 ರೂಪಾಯಿ ಆದರೆ, ನಿಮ್ಮಿಂದ ಶೇ. 10ರಂತೆ 5,000, ಸರ್ಕಾರದಿಂದ ಶೇ. 14ರಂತೆ 7,000 ಪ್ರತಿ ತಿಂಗಳು ನಿಧಿಗೆ ಸೇರುತ್ತದೆ. ನಿವೃತ್ತಿಯ ನಂತರ ಕೈಗೆ ಬರುವುದು ಆ ನಿಧಿ ಮಾರುಕಟ್ಟೆಯಲ್ಲಿ ಎಷ್ಟು ಬೆಳೆದಿದೆ ಎಂಬುದನ್ನು ಅವಲಂಬಿಸಿರುತ್ತದೆ.

ಅತ್ತ ನಿಮ್ಮ 9 ಲಕ್ಷವೂ ಪೂರ್ತಿ ಸಂಬಳವಲ್ಲ. ಕಂಪನಿಯ ಪಾಲಿನ ಪಿಎಫ್, ಗ್ರಾಚ್ಯುಟಿ, ವೇರಿಯೆಬಲ್ ಪೇ ಎಲ್ಲವೂ ಸಾಮಾನ್ಯವಾಗಿ ಅದರೊಳಗೇ ಇರುತ್ತವೆ. ಹಿಂದೆ ನಾನಿದ್ದ ಕಂಪನಿಯಲ್ಲಿ ಎರಡು ವರ್ಷ ವೇರಿಯೆಬಲ್ ಪೇ ಕಾಗದದ ಮೇಲೆಯೇ ಉಳಿಯಿತು. ಆದ್ದರಿಂದ ಕಳೆದ ಆರು ತಿಂಗಳ ಪೇ ಸ್ಲಿಪ್‌ಗಳನ್ನು ಮುಂದಿಟ್ಟುಕೊಂಡು ಹೋಲಿಸಿ.

ಸರ್ಕಾರಿ ಹುದ್ದೆಯ ನಿಜವಾದ ಭದ್ರತೆಯೆಂದರೆ, ಪರೀಕ್ಷಾರ್ಥ ಅವಧಿ ತೃಪ್ತಿಕರವಾಗಿ ಮುಗಿದ ಮೇಲೆ ವಿಚಾರಣೆಯಿಲ್ಲದೆ ಸುಲಭವಾಗಿ ತೆಗೆದುಹಾಕಲಾಗದಿರುವುದು. ನಿಮ್ಮ ಕೌಶಲಕ್ಕೆ ಮಾರುಕಟ್ಟೆಯಲ್ಲಿ ಬೇಡಿಕೆಯಿದ್ದು, ಮನೆಯ ಸಾಲ ನಿಮ್ಮ ಒಬ್ಬರ ಸಂಬಳದ ಮೇಲೆಯೇ ನಿಂತಿಲ್ಲವಾದರೆ, ನಾನಾಗಿದ್ದರೆ ಖಾಸಗಿಯಲ್ಲೇ ಉಳಿಯುತ್ತಿದ್ದೆ.